ಇಂಗ್ಲಿಷ್ ಪತ್ರ: ಬರೆದವರನ್ನು ಕೇಳದೆ ತಿದ್ದಬಹುದೇ?

ಪರ: ತಪ್ಪಿನ ಮೂಲ ಬಲ್ಲವರು ಕೇಳಬೇಕಾಗಿಲ್ಲ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗ ಮಾಡಿ ಹೊರದೇಶಕ್ಕೆ ಕಳಿಸುವ ಫೌಂಡ್ರಿಗಳ ಪತ್ರವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕೆಲಸದ ಒಳಹೊರಗು ಬಲ್ಲ ಸೂಪರ್‌ವೈಸರ್ ಮಾತ್ರ ಕನ್ನಡದಲ್ಲೋ ಮರಾಠಿಯಲ್ಲೋ ಯೋಚಿಸಿ ಬರೆಯುತ್ತಾರೆ, ಅದನ್ನು ಆಫೀಸಿನಲ್ಲಿ ಒಬ್ಬರು ತಿದ್ದಿ ಕಳಿಸುತ್ತಾರೆ. ಹೀಗೆ ತಿದ್ದುವಾಗ ಪ್ರತಿಯೊಂದಕ್ಕೂ ಬರೆದವರ ಒಪ್ಪಿಗೆ ಕೇಳಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಆ ತಪ್ಪುಗಳಲ್ಲಿ ಬಹುಪಾಲು ಎಲ್ಲಿಂದ ಬಂದವೆಂಬುದು ಕನ್ನಡ ಬಲ್ಲವರಿಗೆ ಓದಿದ ಕೂಡಲೇ ತಿಳಿಯುತ್ತದೆ.

‘ವಿ ಆರ್ ವೇಟಿಂಗ್ ಸಿನ್ಸ್ ಟೂ ವೀಕ್ಸ್’ ಎಂಬ ಸಾಲನ್ನೇ ನೋಡಿ. ನಮ್ಮಲ್ಲಿ ‘ಸೋಮವಾರದಿಂದ’ ಎನ್ನುವಾಗಲೂ ‘ಎರಡು ವಾರದಿಂದ’ ಎನ್ನುವಾಗಲೂ ಪ್ರತ್ಯಯ ಒಂದೇ. ಇಂಗ್ಲಿಷಿನಲ್ಲಿ ಶುರುವಾದ ದಿನಕ್ಕೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’ ಬರುತ್ತದೆ, ಕ್ರಿಯಾಪದವೂ ‘ಹ್ಯಾವ್ ಬೀನ್ ವೇಟಿಂಗ್’ ಆಗಬೇಕಾಗುತ್ತದೆ. ಈ ಸಾಲಿಗೆ ಬೇರೆ ಅರ್ಥವೇ ಇಲ್ಲದಿರುವಾಗ ಕುಲುಮೆಯ ಮುಂದೆ ನಿಂತವರನ್ನು ಕರೆದು ಕೇಳುವುದು ಅವರ ಸಮಯವನ್ನು ಹಾಳುಮಾಡಿದಂತೆ.

ವ್ಯಾಕರಣ ಸರಿಯಿದ್ದೂ ಉದ್ದೇಶ ಕೆಡುವ ಸಾಲುಗಳು ಇದಕ್ಕಿಂತ ಮುಖ್ಯವಾದವು. ‘ಯು ಮಸ್ಟ್ ಸೆಂಡ್ ದ ಡ್ರಾಯಿಂಗ್’ ಎಂಬುದರಲ್ಲಿ ಒಂದು ತಪ್ಪೂ ಇಲ್ಲ. ಬರೆದವರ ಮನಸ್ಸಿನಲ್ಲಿದ್ದದ್ದು ‘ತಾವು ಡ್ರಾಯಿಂಗ್ ಕಳಿಸಬೇಕು’ ಎಂಬ ಮರ್ಯಾದೆಯ ಕೋರಿಕೆ. ನಮ್ಮ ‘ಬೇಕು’ ಕೋರಿಕೆಗೂ ಒದಗುತ್ತದೆ, ಆದರೆ ಇಂಗ್ಲಿಷಿನ ‘ಮಸ್ಟ್’ ಇಲ್ಲಿ ಅಪ್ಪಣೆಯಾಗಿಬಿಡುತ್ತದೆ. ಪದಗಳನ್ನು ಮುಟ್ಟಬಾರದೆಂದು ಹಾಗೆಯೇ ಬಿಟ್ಟರೆ, ವಿನಯದಿಂದ ಕೇಳಿದವರು ಗಿರಾಕಿಯ ಕಣ್ಣಿಗೆ ಒರಟರಾಗಿ ಕಾಣುತ್ತಾರೆ. ‘ಕುಡ್ ಯು ಪ್ಲೀಸ್ ಸೆಂಡ್’ ಎಂದು ತಿದ್ದಿದಾಗಲೇ ಅವರ ಮಾತು ಅವರದಾಗಿ ಉಳಿಯುತ್ತದೆ. ‘ಐ ಹ್ಯಾವ್ ಎ ಡೌಟ್’ ಎಂಬುದೂ ಇಂಥದ್ದೇ. ಅವರಿಗಿರುವುದು ಕೇಳಬೇಕಾದ ಒಂದು ಪ್ರಶ್ನೆ, ಗಿರಾಕಿಯ ಮೇಲಿನ ಅಪನಂಬಿಕೆಯಲ್ಲ.

ವಿರೋಧ: ತಿಳಿಯಿತೆಂದುಕೊಂಡಲ್ಲಿಯೇ ಅರ್ಥ ಜಾರುತ್ತದೆ

‘ಸಿನ್ಸ್’ ತಿದ್ದಲು ಯಾರನ್ನೂ ಕೇಳಬೇಕಾಗಿಲ್ಲವೆಂಬುದು ನಿಜ. ಆದರೆ ಕೇಳದೆ ತಿದ್ದುವ ಕೈ ಅಲ್ಲಿಗೇ ನಿಲ್ಲುವುದಿಲ್ಲ, ಇದನ್ನು ನನ್ನ ಕೈಯಿಂದಲೇ ಕಲಿತಿದ್ದೇನೆ. ಸೂಪರ್‌ವೈಸರ್ ಒಬ್ಬರು ‘ಬ್ಯಾಲೆನ್ಸ್ 40 ಪೀಸ್ ಮೇ ಬಿ ರೆಡಿ ಬೈ ಫ್ರೈಡೇ’ ಎಂದು ಬರೆದುಕೊಟ್ಟಿದ್ದರು. ‘ಪೀಸ್’ ಅನ್ನು ಬಹುವಚನ ಮಾಡಿದೆ, ಮುಂದೆ ‘ದ’ ಸೇರಿಸಿದೆ, ವಾಕ್ಯ ಗಟ್ಟಿಯಾಗಲೆಂದು ‘ಮೇ’ ತೆಗೆದು ‘ವಿಲ್’ ಹಾಕಿದೆ. ಶುಕ್ರವಾರ ಸಿದ್ಧವಾದವು 31. ಗಿರಾಕಿ 40ರ ಲೆಕ್ಕದಲ್ಲಿ ಸಾಗಣೆಗೆ ಏರ್ಪಾಡು ಮಾಡಿದ್ದರು. ಎರಕದ ಒಳಗೆ ಅಡಗಿದ ಗಾಳಿತೂತು ಮಶೀನಿಂಗ್ ಮಾಡಿ ಮೇಲಿನ ಪದರ ತೆಗೆದಾಗಷ್ಟೇ ಕಣ್ಣಿಗೆ ಕಾಣುತ್ತದೆ, ಎಷ್ಟು ಪೀಸು ಪಾಸಾಗುತ್ತವೆಂದು ಮೊದಲೇ ಹೇಳಲಾಗದು. ಅವರ ‘ಮೇ’ ಹಿಂದೆ ಇದ್ದದ್ದು ಆ ಅನುಭವ. ‘ನಾ ಆಗಬಹುದು ಅಂತ ಬರದಿದ್ದೆರಿ, ಆಗತೈತಿ ಅಂತ ಬರದಿದ್ದಿಲ್ಲ’ ಎಂದು ಅವರು ಮೆಲ್ಲಗೆ ಹೇಳಿದರು. ವ್ಯಾಕರಣ ತಿದ್ದುತ್ತೇನೆಂದು ಹೋಗಿ, ಅವರು ಕೊಡದ ಮಾತನ್ನು ನಾನು ಅವರ ಹೆಸರಿನಲ್ಲಿ ಕೊಟ್ಟಿದ್ದೆ.

‘ಮೇ’ ವಿಷಯದಲ್ಲಿ ಕನಿಷ್ಠ ಮೂಲ ಪದವನ್ನು ಹಾಗೆಯೇ ಬಿಡುವ ದಾರಿಯಿತ್ತು. ಇಂಗ್ಲಿಷಿನ ‘ಎ’, ‘ದ’ಗಳಲ್ಲಿ ಆ ದಾರಿಯೂ ಇಲ್ಲ. ಕನ್ನಡದಲ್ಲಿ ಇವಕ್ಕೆ ಸಮನಾದ ಪದವಿಲ್ಲ, ನಪುಂಸಕ ನಾಮಪದಕ್ಕೆ ಬಹುವಚನದ ಪ್ರತ್ಯಯವೂ ಕಡ್ಡಾಯವಲ್ಲ, ‘ಹತ್ತು ಪೀಸು’ ಎಂದರೆ ಸಾಕು. ಆದ್ದರಿಂದ ‘ಕ್ಯಾಸ್ಟಿಂಗ್ ಈಸ್ ಕ್ರ್ಯಾಕ್’ ಎಂದು ಬರೆದವರು ಒಂದರ ಬಗ್ಗೆ ಹೇಳಿದರೋ ಪೆಟ್ಟಿಗೆಯಲ್ಲಿದ್ದ ಎಲ್ಲದರ ಬಗ್ಗೆಯೋ ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ. ‘ಎ ಕ್ಯಾಸ್ಟಿಂಗ್’ ಎಂದರೆ ಒಂದು, ‘ದ ಕ್ಯಾಸ್ಟಿಂಗ್ಸ್’ ಎಂದರೆ ಗಿರಾಕಿಗೆ ಎಲ್ಲವೂ. ಸಾಲನ್ನು ಸರಿಪಡಿಸಬೇಕಾದರೆ ತಿದ್ದುವವರು ಎರಡರಲ್ಲೊಂದನ್ನು ಆರಿಸಲೇಬೇಕು, ಹಾಗೆ ಆರಿಸಿದ್ದು ಬರೆದವರಿಗೂ ಓದುವವರಿಗೂ ಕಾಣುವುದಿಲ್ಲ. ಹಳೆಯ ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು, ಓದಿದವರು ಅನುಮಾನಿಸಿ ವಿಚಾರಿಸುತ್ತಿದ್ದರು. ತಿದ್ದಿದ ವಾಕ್ಯ ನುಣುಪಾಗಿರುವುದರಿಂದ ಯಾರೂ ವಿಚಾರಿಸುವುದಿಲ್ಲ.

ಅಂದಿನಿಂದ ನಾನು ಸಂಖ್ಯೆ, ದಿನಾಂಕ, ‘ಬಹುದು’ ಮತ್ತು ‘ಇಲ್ಲ’ ಇರುವ ಸಾಲುಗಳನ್ನು ತಿದ್ದಿದ ಮೇಲೆ ಅವುಗಳ ಅರ್ಥವನ್ನು ಬರೆದವರಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ. ಇಂಗ್ಲಿಷಿನಲ್ಲೇ ತೋರಿಸಿದರೆ ಅವರು ಸಂಕೋಚದಿಂದ ‘ಬರೋಬರಿ ಐತಿ’ ಎಂದುಬಿಡುತ್ತಾರೆ. ಬಿರುಕಿನ ಆ ಸಾಲನ್ನೂ ಹೀಗೆಯೇ ಕೇಳಿದೆ: ಬಿರುಕು ಬಂದದ್ದು ಒಂದಕ್ಕೋ ಎಲ್ಲಕ್ಕೋ? ‘ಆರರಾಗ ಎರಡಕ್ಕರಿ’ ಎಂದರು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಎರಡು ತಿದ್ದುಪಡಿಗಳೂ ತಪ್ಪಾಗಿದ್ದವು. ಗಿರಾಕಿಗೆ ‘ಟೂ ಆಫ್ ದ ಸಿಕ್ಸ್ ಕ್ಯಾಸ್ಟಿಂಗ್ಸ್ ಆರ್ ಕ್ರ್ಯಾಕ್ಡ್’ ಎಂದು ಬರೆದು ಕಳಿಸಿದೆವು.