ಕೊಡಗಿನ ತಾರಸಿಗೆ ದಕ್ಷಿಣವೇ ಬೇಕಾ?

"ಸೋಲಾರ್ ಪ್ಯಾನೆಲ್ ದಕ್ಷಿಣಕ್ಕೇ ಇರಬೇಕು, ಪೂರ್ವ-ಪಶ್ಚಿಮ ಇಟ್ಟರೆ ಕರೆಂಟ್ ನಷ್ಟ" ಅನ್ನುವವರಿದ್ದಾರೆ.

ದೆಹಲಿಗೆ ಸರಿ ಇರಬಹುದು, ಕೊಡಗಿಗೆ ಅಷ್ಟು ಅಲ್ಲ. ನಾವಿರುವುದು ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿ, ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ತಲೆ ದಾಟಿ ಉತ್ತರಕ್ಕೇ ಹೋಗಿರುತ್ತಾನೆ, ಅಲ್ವಾ? 10 ಡಿಗ್ರಿ ಓರೆಯಲ್ಲಿ ಪೂರ್ವ-ಪಶ್ಚಿಮ ಇಟ್ಟರೂ ವರ್ಷದ ಯೂನಿಟ್ ಸ್ವಲ್ಪವೇ ಕಮ್ಮಿ.

ನಮ್ಮನೆ ತಾರಸಿಯಲ್ಲಿ ಪೂರ್ವಕ್ಕೆ ಐದು, ಪಶ್ಚಿಮಕ್ಕೆ ಐದು ಪ್ಯಾನೆಲ್ ಇವೆ. ಹಾಕಿದವರು ಹತ್ತರ ವೈರನ್ನೂ ಒಂದಕ್ಕೊಂದು ಸೇರಿಸಿ ಒಂದೇ ಸರಣಿಯಾಗಿ ಜೋಡಿಸಿಬಿಟ್ಟಿದ್ದರು, ಬೆಳಿಗ್ಗೆ ಎಂಟಕ್ಕೆ ಪಶ್ಚಿಮದವು ಮಂಕಾಗಿ ಪೂರ್ವದವನ್ನೂ ಎಳೆದು ಕೂರಿಸುತ್ತಿದ್ದವು. ಇನ್ವರ್ಟರ್‌ನಲ್ಲಿ ಎಂಪಿಪಿಟಿ ಅಂತ, ತನಗೆ ಕೊಟ್ಟ ಪ್ಯಾನೆಲ್‌ಗಳಿಂದ ಆದಷ್ಟು ಹೆಚ್ಚು ಕರೆಂಟ್ ತೆಗೆಯುವ ಭಾಗ ಎರಡಿವೆ, ಪೂರ್ವದವನ್ನು ಒಂದಕ್ಕೆ, ಪಶ್ಚಿಮದವನ್ನು ಇನ್ನೊಂದಕ್ಕೆ ಕೊಟ್ಟ ಮೇಲೆ ಬೋರ್‌ವೆಲ್ ಪಂಪ್ ಬೇಗ ಶುರುವಾಗುತ್ತಿದೆ. ಆದರೆ ಇಷ್ಟು ಕಡಿಮೆ ಓರೆಗೆ ದಿನವಿಡೀ ಕರೆಂಟ್ ಒಂದೇ ಸಮ ಬರಲ್ಲ, ಗ್ರಾಫ್‌ನಲ್ಲಿ ಮಧ್ಯಾಹ್ನದ ಗುಡ್ಡ ಸ್ವಲ್ಪ ಅಗಲವಾಗುತ್ತದೆ ಅಷ್ಟೇ. ಪಶ್ಚಿಮಕ್ಕೆ ಸಿಲ್ವರ್ ಓಕ್ ಸಾಲಿದ್ದರೆ ಆ ಐದನ್ನು ಸುಮ್ನೆ ಹಾಕಬೇಡಿ.