42ನೇ ದಿನ

"ನಿಮ್ಮದು 41 ದಿವಸ ಪೂರ್ತಿ ಅಲ್ವಾ ಮಾರಾಯ್ರೆ? ಹಗಲೂ ಇಲ್ಲ, ರಾತ್ರಿಯೂ ಇಲ್ಲ. ನಮ್ಮದು ಹಗಲು ಮಾತ್ರ. ಮತ್ತೆ ಯಾಕೆ ನೀವು ಬಿಡ್ಲಿಲ್ಲ?"

ಕೇಳಿದವನು ಶಾರ್ಜಾದಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿರುವ ಪುತ್ತೂರಿನ ಬ್ಯಾರಿ ಹುಡುಗ. 2025ರ ರಂಜಾನಿನ ಎರಡನೇ ವಾರ ಅದು. ನಾನು ಬಾಲ್ಕನಿಯಲ್ಲಿ ಸಿಗರೇಟು ಹಚ್ಚಿಕೊಂಡು, ನಾಲ್ಕು ಸಲ ಅಯ್ಯಪ್ಪ ಮಾಲೆ ಹಾಕಿದ ಕಥೆಯನ್ನು ಅವನಿಗೆ ಕೊಚ್ಚಿಕೊಳ್ಳುತ್ತಿದ್ದೆ. ಕಪ್ಪು ಪಂಚೆ, ಬೆಳಗಿನ ಜಾವದ ತಣ್ಣೀರು ಸ್ನಾನ, ಬರಿಗಾಲು, ಒಂದೇ ಒಂದು ಸಿಗರೇಟು ಮುಟ್ಟದ 41 ದಿನ. ಅವನು ಸುಮ್ನೆ ಕೇಳಿದ. ನನಗೆ ಚುಚ್ಚಿತು. ಕೈಯಲ್ಲಿದ್ದದ್ದನ್ನು ಅರ್ಧಕ್ಕೇ ಆರಿಸಿದೆ. ಹತ್ತು ನಿಮಿಷಕ್ಕೆ ಇನ್ನೊಂದು ಹಚ್ಚಿದೆ, ಅದು ಬೇರೆ ಮಾತು.

ಯಾಕೆ ಬಿಡಲಿಲ್ಲ? ನಮ್ಮೂರು ದಾವಣಗೆರೆ ಕಡೆ. ಅಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಬಸ್ ಇಳಿದು, ಮನೆಗೆ ಬಂದು, ಅಮ್ಮ ಮಾಲೆ ತೆಗೆದ ಅರ್ಧ ಗಂಟೆಗೆ ನಮ್ಮ ಭಾವ ಹೊರಗೆ ಕರೆದುಕೊಂಡು ಹೋಗುತ್ತಿದ್ದ. "ಬಾ, 41 ದಿನದ ಬಾಕಿ ಐತಿ" ಅಂತ ಚಹಾ ಅಂಗಡಿ ಮುಂದೆ ಪ್ಯಾಕೆಟ್ ಚಾಚುತ್ತಿದ್ದ. ಮನೆಯವರೆಲ್ಲ ನಗುತ್ತಿದ್ದರು. ವ್ರತ ಮುಗೀತು, ಲೆಕ್ಕ ಚುಕ್ತಾ. ಸಿಗರೇಟು ಬಿಟ್ಟವನು ಮತ್ತೆ ಹಿಡಿದ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಹೋದವನು ಊರಿಗೆ ವಾಪಸ್ ಬಂದ, ಅಷ್ಟೇ.

ಆ ಮೊದಲ ಸಿಗರೇಟು ಹೇಗಿರುತ್ತೆ ಅಂತ ಮಾಲೆ ಹಾಕಿದವರಿಗೆ ಗೊತ್ತು. ಎರಡು ದಮ್ಮಿಗೆ ತಲೆ ಗಿರ್ರ್ ಅನ್ನುತ್ತೆ, ಅಂಗೈ ಬೆವರುತ್ತೆ, ಹೊಟ್ಟೆ ತೊಳೆಸುತ್ತೆ. ಹೈಸ್ಕೂಲಿನಲ್ಲಿ ಕದ್ದು ಸೇದಿದ ಮೊದಲ ಬೀಡಿಯ ಹಾಗೆ. ಆಗ ನಗುತ್ತಿದ್ದೆ. ಅದರ ಅರ್ಥ ಆಮೇಲೆ ತಿಳಿಯಿತು. ನಿಕೋಟಿನ್ ಬೇಕು ಬೇಕು ಅಂತ ಮೆದುಳಿನಲ್ಲಿ ಬೆಳೆದು ನಿಂತಿದ್ದ ಬಾಯಿಗಳು ಅಷ್ಟೊತ್ತಿಗೆ ಬಹುಪಾಲು ಮುಚ್ಚಿಕೊಂಡಿರುತ್ತವೆ. ಪೂರ್ತಿ ಮೊದಲಿನಂತಾಗಲು ಸುಮಾರು ಆರರಿಂದ ಹನ್ನೆರಡು ವಾರ ಬೇಕಂತೆ. 41 ದಿನ ಅಂದರೆ ಆರು ವಾರಕ್ಕೆ ಒಂದೇ ದಿನ ಕಡಿಮೆ! ಸಿಡಿಮಿಡಿ, ನಿದ್ದೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಇವೆಲ್ಲ ಎರಡು ಮೂರನೇ ದಿನ ಜೋರಾಗಿ, ಮೂರು ನಾಲ್ಕು ವಾರದಲ್ಲಿ ಹೆಚ್ಚುಕಮ್ಮಿ ಹೋಗಿರುತ್ತವೆ. ಅಂದರೆ ಕಷ್ಟದ ಕೆಲಸವನ್ನೆಲ್ಲ ನಾಲ್ಕು ಸಲ ಮುಗಿಸಿ, ನಾಲ್ಕು ಸಲವೂ ಚಹಾ ಅಂಗಡಿ ಮುಂದೆ ಚೆಲ್ಲಿ ಬಂದಿದ್ದೆ.

ಇಲ್ಲಿನ ರಂಜಾನು ಲೆಕ್ಕಕ್ಕೆ ನೋಡಿದರೆ ನಮ್ಮ ಮಾಲೆಗಿಂತ ತುಂಬಾ ಸಡಿಲ. ಮಾರ್ಚ್ ತಿಂಗಳ ನೋಂಬು ಅಂದರೆ ಬೆಳಗಿನ ಜಾವದಿಂದ ಸಂಜೆ ಆರೂವರೆ ತನಕ, ಹದಿಮೂರು ಗಂಟೆ ಚಿಲ್ಲರೆ. ಆಮೇಲೆ ಇಡೀ ರಾತ್ರಿ ತೆರೆದಿರುತ್ತೆ. ಹಗಲಿಡೀ ಬಿಟ್ಟದ್ದನ್ನು ರಾತ್ರಿ ಬಡ್ಡಿ ಸಮೇತ ಸೇದುವವರನ್ನು ನಮ್ಮ ಬಿಲ್ಡಿಂಗಿನಲ್ಲೇ ಬೇಕಾದಷ್ಟು ನೋಡಿದ್ದೇನೆ. ಸಂಖ್ಯೆ ಕಡಿಮೆಯಾದರೂ ದಮ್ಮು ಉದ್ದವಾಗುತ್ತೆ. ಖರ್ಜೂರ ತಿಂದು ನೀರು ಕುಡಿದು, ಖಾಲಿ ಹೊಟ್ಟೆಯಲ್ಲೇ ಒಂದು ಹಚ್ಚಿ ಗೋಡೆ ಹಿಡಿದುಕೊಂಡು ನಿಂತವನನ್ನೂ ನೋಡಿದ್ದೇನೆ. ಹೀಗೆ ರಾತ್ರಿ ರಾತ್ರಿ ತುಂಬಿಸಿಕೊಂಡರೆ ದೇಹಕ್ಕೆ ಆ ಮೂರನೇ ದಿನ ಬರುವುದೇ ಇಲ್ಲ. ದಿನಾ ಮೊದಲನೇ ದಿನವೇ.

ಪುತ್ತೂರಿನವನು ಹಿಡಿದದ್ದು ಇದನ್ನೇ. ರಂಜಾನಿಗೆ ಮುಂಚೆ ಅವನದು ದಿನಕ್ಕೆ ಹದಿನೈದು. ಮೊದಲ ವಾರ ಇಫ್ತಾರ್ ಆದ ಕೂಡಲೇ ಸೇದುವುದನ್ನು ಮಾತ್ರ ನಿಲ್ಲಿಸಿದ. ತರಾವೀಹ್ ನಮಾಜು ಮುಗಿಸಿ ಬಂದ ಮೇಲೆ, ಅಂದರೆ ರಾತ್ರಿ ಒಂಬತ್ತರ ಹೊತ್ತಿಗೆ ಮೊದಲನೆಯದು. ಎರಡನೇ ವಾರ ಸಹರಿ ಊಟದ ನಂತರದ ಕೊನೆಯದನ್ನು ತೆಗೆದ. ಅದೇ ಕಷ್ಟದ್ದಾಗಿತ್ತಂತೆ, ಯಾಕೆಂದರೆ ಮುಂದೆ ಇಡೀ ಹಗಲು ಇಲ್ಲ ಅನ್ನುವ ಹೆದರಿಕೆಯಲ್ಲಿ ಸೇದುವ ಸಿಗರೇಟು ಅದು. ಈಗ ಅವನಿಗೆ ಉಳಿದದ್ದು ಒಂಬತ್ತರಿಂದ ಹನ್ನೆರಡರ ತನಕದ ಮೂರು ಗಂಟೆ, ನಾಲ್ಕು ಸಿಗರೇಟು. ಮಿಕ್ಕ 21 ಗಂಟೆ ಖಾಲಿ. ಮೊದಲ ನಾಲ್ಕು ದಿನದ ತಲೆನೋವನ್ನು ಸಿಗರೇಟಿನ ತಲೆಗೆ ಕಟ್ಟಿದ್ದ. ಆಮೇಲೆ ನೋಡಿದರೆ ಅದು ಆಫೀಸಿನಲ್ಲಿ ತಪ್ಪಿಹೋದ ನಾಲ್ಕು ಚಹಾದ ತಲೆನೋವು.

17ನೇ ನೋಂಬಿನ ದಿನ ಆ ನಾಲ್ಕನ್ನೂ ಬಿಟ್ಟ. ಆ ದಿನವೇ ಯಾಕೆ ಅಂತ ಕೇಳಿದೆ. "ಕಷ್ಟದ ದಿವಸಗಳು ನೋಂಬಿನ ಒಳಗೇ ಬೀಳಬೇಕು. ಹಬ್ಬದ ದಿವಸ ಬಿಡ್ತೇನೆ ಅಂದ್ರೆ ಮೂರನೇ ದಿವಸ ಯಾರಾದ್ರೂ ಶೀಶಾ ಅಂಗಡಿಗೆ ಕರೀತಾರೆ" ಅಂದ. ಇಷ್ಟೇ ಅವನ ಉಪಾಯ. ಆ ವರ್ಷ ಇಲ್ಲಿ ಹಬ್ಬ ಮಾರ್ಚ್ 30ಕ್ಕೆ ಬಂತು. ಅಷ್ಟರಲ್ಲಿ ಅವನಿಗೆ 13 ದಿನ ತುಂಬಿತ್ತು.

ಮೈಗೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿಯನ್ನೂ ತಂದಿದ್ದ. ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸೇದುವವರಿಗೆ 21 ಮಿಲಿಗ್ರಾಂ, ಕಡಿಮೆ ಇದ್ದರೆ 14 ರಿಂದ ಶುರು ಅಂತ ಔಷಧಿ ಅಂಗಡಿಯವರು ಹೇಳಿ, ನಾಲ್ಕಕ್ಕೆ ಇಳಿದಿದ್ದ ಇವನಿಗೆ 14 ಕೊಟ್ಟರು. ಆರು ವಾರ ಅದು, ಆಮೇಲೆ ಎರಡು ವಾರ 7. ಚರ್ಮದಿಂದ ಒಳಗೆ ಹೋಗುವುದು ತಿನ್ನುವ ಲೆಕ್ಕಕ್ಕೆ ಬರುವುದಿಲ್ಲ ಅಂತ ಅವನ ಉಸ್ತಾದರು ಒಪ್ಪಿದರಂತೆ. ಅಗಿಯುವ ನಿಕೋಟಿನ್ ಗಮ್ ಆದರೆ ಹಗಲು ನಡೆಯೋದಿಲ್ಲ. ಸಹರಿ ಹೊತ್ತಿಗೆ ತೋಳಿನ ಮೇಲೆ ಕೂದಲಿಲ್ಲದ ಜಾಗ ನೋಡಿ ಅಂಟಿಸಿಕೊಳ್ಳುತ್ತಿದ್ದ. ದಿನಾ ಬೇರೆ ಜಾಗ, ಇಲ್ಲದಿದ್ದರೆ ತುರಿಕೆ. ಮೊದಲ ಎರಡು ರಾತ್ರಿ ಸಿನಿಮಾ ತರಹ ಕನಸು ಬಿದ್ದವು ಅಂತ ಆಮೇಲೆ ಮಲಗುವಾಗ ತೆಗೆದಿಡತೊಡಗಿದ.

ಆದರೆ ನನ್ನ ಕಣ್ಣಿಗೆ ಬಿದ್ದ ದೊಡ್ಡ ವ್ಯತ್ಯಾಸ ಪಟ್ಟಿಯದಲ್ಲ. ಅವನು ದಿನಾ ಸಂಜೆ ಸೇದುವವರ ನಡುವೆಯೇ ಕೂತು ನೋಂಬು ಬಿಡುತ್ತಿದ್ದ. ಅದೇ ಬಾಲ್ಕನಿ, ಅದೇ ಗೆಳೆಯರು, ಅದೇ ಸುಲೈಮಾನಿ ಚಹಾ. ಆಸೆ ಬಂದರೆ ಮೂರು ನಾಲ್ಕು ನಿಮಿಷ ಕೈಯಲ್ಲಿ ಲೋಟ ತಿರುಗಿಸುತ್ತಿದ್ದ, ಅಷ್ಟರಲ್ಲಿ ಅದು ಹೋಗುತ್ತಿತ್ತು. ಹೀಗೆ ಹದಿಮೂರು ಸಂಜೆ ಅಭ್ಯಾಸ ಮಾಡಿದ. ನಾನು ಮಾಲೆ ಹಾಕಿದ 41 ದಿನ ಚಹಾ ಅಂಗಡಿ ಕಡೆ ತಲೆ ಹಾಕಿದವನೇ ಅಲ್ಲ. ಭಾವನ ಜೊತೆ ನಿಂತವನಲ್ಲ. ಭಜನೆ, ಪೂಜೆ, ಅಡುಗೆ, ನಿದ್ದೆ. ಸಿಗರೇಟಿಲ್ಲದ ಬೇರೆಯೇ ಊರಲ್ಲಿ ಇದ್ದ ಹಾಗೆ. 42ನೇ ದಿನ ಅದೇ ಹಳೇ ಜಾಗಕ್ಕೆ ಬರಿಗೈಯಲ್ಲಿ ಹೋಗಿ ನಿಂತರೆ ಏನು ಮಾಡಬೇಕು ಅಂತ ಕೈಗೇ ಗೊತ್ತಿರಲಿಲ್ಲ.

ನಮ್ಮವರ ಮೇಲೆ ಸಿಟ್ಟು ಬಂದದ್ದು ಇದಕ್ಕೇ. ಗುರುಸ್ವಾಮಿ ಇರುಮುಡಿ ಕಟ್ಟುವಾಗ ತುಪ್ಪದ ತೆಂಗಿನಕಾಯಿಯನ್ನು ನಾಲ್ಕು ಸಲ ಪರೀಕ್ಷೆ ಮಾಡುತ್ತಾರೆ. ಮಾಲೆ ತೆಗೆದ ಮೇಲೆ ಏನು ಅಂತ ಒಂದು ಸಲ ಕೇಳಬಾರದಾ? ಭಾವನ ಜೇಬಿನ ಪ್ಯಾಕೆಟ್ ಮೇಲೇ 1800-11-2356 ಅಂತ ತಂಬಾಕು ಬಿಡಿಸುವ ಸಹಾಯವಾಣಿ ನಂಬರು ಅಚ್ಚಾಗಿರುತ್ತೆ. ದುಡ್ಡಿಲ್ಲದ ಕರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಕ್ಲಿನಿಕ್ ಇದೆ. ನಮ್ಮೂರ ಪೂಜೆಯ ಪಾಂಪ್ಲೆಟ್ಟಿನಲ್ಲಿ ಶಾಮಿಯಾನದವರ ನಂಬರಿಗೂ ಜಾಗ ಇರುತ್ತೆ, ಇದಕ್ಕಿಲ್ಲ. ಇನ್ನು ನಮ್ಮ ಚಿಕ್ಕಪ್ಪ ಮಾಲೆ ಹಾಕಿಕೊಂಡೇ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು. "ಇದು ಎಲೆ ಸ್ವಾಮಿ, ಇದರಾಗ ಹೊಗಿ ಎಲ್ಲೈತಿ?" ಹೆಸರಲ್ಲೇ ಇದೆ ಅಂದರೆ ಬೈಸಿಕೊಳ್ಳುತ್ತಿದ್ದೆ. ಅವರ ಪಾಲಿಗೆ 41 ದಿನದಲ್ಲಿ ನಿಕೋಟಿನ್ ಒಂದು ದಿನವೂ ತಪ್ಪಲಿಲ್ಲ.

ಕಳೆದ ನವೆಂಬರ್ 17ಕ್ಕೆ ಐದನೇ ಸಲ ಮಾಲೆ ಹಾಕಿದೆ, ಇಲ್ಲೇ. ಪುತ್ತೂರಿನವನ ಪಾಠವನ್ನು ನಮ್ಮ ಲೆಕ್ಕಕ್ಕೆ ಹೊಂದಿಸಿಕೊಂಡೆ. ಮೊದಲ ಮೂರು ವಾರ ಎಂದಿನಂತೆ ದೂರ. 22ನೇ ದಿನದಿಂದ ದಿನಾ ಸಂಜೆ ಕಪ್ಪು ಪಂಚೆಯಲ್ಲೇ ಕೆಫೆಟೇರಿಯಾ ಹೊರಗೆ, ಸೇದುವವರ ಗುಂಪಿನ ಪಕ್ಕ, ಒಂದು ಚಹಾ ಹಿಡಿದು ಹತ್ತು ನಿಮಿಷ ನಿಲ್ಲುವುದು. ಮೊದಲ ಸಂಜೆ ನಾಲ್ಕೇ ನಿಮಿಷಕ್ಕೆ ಒಳಗೆ ಓಡಿದೆ. ಎದೆ ಡವಗುಟ್ಟುತ್ತಿತ್ತು, ಅದಕ್ಕೆ ಚಹಾದ ಪಾಲೂ ಇತ್ತು ಅನ್ನಿ. ಸಿಗರೇಟು ಬಿಟ್ಟವರ ದೇಹ ಕೆಫೀನನ್ನು ಮೊದಲಿಗಿಂತ ನಿಧಾನ ಕರಗಿಸುತ್ತೆ, ಹಳೇ ಲೆಕ್ಕದಲ್ಲೇ ಕುಡಿದರೆ ಕೈ ನಡುಗುತ್ತೆ. ಕುಡಿಯುವುದನ್ನು ಅರ್ಧಕ್ಕೆ ಇಳಿಸಿದೆ. 30ನೇ ದಿನದ ಹೊತ್ತಿಗೆ ಹತ್ತು ನಿಮಿಷ ಸಲೀಸಾಗಿ ನಿಂತೆ.

ಇಷ್ಟೆಲ್ಲ ಇಲ್ಲಿಯವರನ್ನು ಹೊಗಳಿದ ಮೇಲೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಆ ವರ್ಷ ನಮ್ಮ ಫ್ಲ್ಯಾಟಿನಲ್ಲಿ ಬಿಡ್ತೀನಿ ಅಂದವರು ಐದು ಜನ. ನಾಲ್ವರು ಹಬ್ಬದ ನಮಾಜು ಮುಗಿಸಿ ಬಂದು, ಹೊಸ ಬಟ್ಟೆಯಲ್ಲೇ ಬಾಲ್ಕನಿಯಲ್ಲಿ ಹಚ್ಚಿದರು. ಅವರಿಗೂ ಒಬ್ಬೊಬ್ಬ ಭಾವ ಇದ್ದಾನೆ. ಪುತ್ತೂರಿನವನು ಪುತ್ತೂರಿನವನಾದದ್ದಕ್ಕೆ ಬಿಟ್ಟ, ರಂಜಾನು ಬಿಡಿಸಲಿಲ್ಲ.

ಇನ್ನೊಂದೂ ಇದೆ. ಮಾಲೆ ಹಾಕಿದ ದಿನದಿಂದ ನಮ್ಮೂರಲ್ಲಿ ಆಟೋದವನು, ತರಕಾರಿಯವಳು, ನನ್ನನ್ನು ಹೆಸರಿಟ್ಟು ಬೈಯುತ್ತಿದ್ದ ಮೇಷ್ಟ್ರು, ಎಲ್ಲರೂ "ಸ್ವಾಮಿ" ಅನ್ನುತ್ತಾರೆ. ನಾನು ಎದುರು ಬಂದರೆ ಕೈಯಲ್ಲಿದ್ದ ಬೀಡಿಯನ್ನು ಬೆನ್ನ ಹಿಂದೆ ಮರೆಮಾಡುತ್ತಾರೆ. ಹೀಗೆ ಇಡೀ ಬೀದಿ ನನ್ನ ಪರವಾಗಿ ಕಾವಲು ನಿಲ್ಲುವುದನ್ನು ಯಾವ ಪಟ್ಟಿಯೂ ಮಾಡಲಾರದು. ಶಾರ್ಜಾದಲ್ಲಿ ಅದು ಸಿಗಲಿಲ್ಲ, ನಿಜ ಹೇಳಬೇಕೆಂದರೆ ಅದೇ ಜಾಸ್ತಿ ನೆನಪಾಯಿತು.

ರಜೆ ಹಾಕಿ ಊರಿಗೆ ಹೋಗಿ, ಬೆಟ್ಟ ಹತ್ತಿ ಬಂದು, ಡಿಸೆಂಬರ್ ಕೊನೆಯಲ್ಲಿ ಅಮ್ಮನ ಕೈಯಲ್ಲಿ ಮಾಲೆ ತೆಗೆಸಿದೆ. ಭಾವ ಬಾಗಿಲಲ್ಲೇ ಕಾಯುತ್ತಿದ್ದ. ಹೋದೆ. ಚಹಾ ಅಂಗಡಿ ಮುಂದೆ ಪ್ಯಾಕೆಟ್ ಚಾಚಿದ. "ಬ್ಯಾಡ ಭಾವ, ಒಂದು ಬೈಟು ಹೇಳು" ಅಂದೆ. ಅವನು ಒಂದು ಸಲ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ. ತನಗೊಂದು ಹಚ್ಚಿಕೊಂಡ. ನನ್ನ ಕೊರಳಲ್ಲಿ ಮಾಲೆ ಇರಲಿಲ್ಲ, ಮೈಮೇಲೆ ಕಪ್ಪು ಬಟ್ಟೆ ಇರಲಿಲ್ಲ. ಆದರೂ ಮುಖ ಆ ಕಡೆ ತಿರುಗಿಸಿ ಹೊಗೆ ಬಿಟ್ಟ.