ಶೇರ್ವಾನಿ ಹೋಯ್ತು, ಚೀಟಿ ಉಳೀತು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು, ಒಗೆಯುವವರು, ಮಾರುವವರು ಎಷ್ಟಿದ್ದಾರೆಂದರೆ, ಬಟ್ಟೆ ಕೆಟ್ಟರೆ ಸಲಹೆಗೆ ಬರವಿಲ್ಲ. 24,000 ರೂಪಾಯಿಯ ಮೆರೂನ್ ಶೇರ್ವಾನಿ ಡ್ರೈಕ್ಲೀನಿಂಗ್‌ಗೆ ಹೋಗಿ ಕುಗ್ಗಿ ಬಂದಾಗ ಮದುಮಗನ ಮನೆಯಲ್ಲೂ ಹಾಗೇ ಆಯ್ತು. "ಇಸ್ತ್ರಿ ಹೊಡದ್ರ ಸರಿ ಆಗ್ತೈತಿ" ಅಂತ ಕಾಕಾ, "ಒದ್ದಿ ಮಾಡಿ ಜಗ್ಗರಿ" ಅಂತ ಚಿಗವ್ವ. ಎರಡನ್ನೂ ಮಾಡಬೇಡಿ. ಮುಟ್ಟಿದ ಮೇಲೆ ಕೆಡಿಸಿದ್ದು ಯಾರು ಅನ್ನೋದೇ ಜಗಳವಾಗುತ್ತದೆ.

ಅಂಗಡಿಯವರ ಮಾತು ಯಾವಾಗಲೂ ಒಂದೇ: "ಬಟ್ಟೀನ ಹಂಗ ಐತ್ರಿ, ನಮ್ದೇನ್ ತಪ್ಪಿಲ್ಲ." ಇದಕ್ಕೆ ಉತ್ತರ ಶೇರ್ವಾನಿಯ ಒಳಗೇ ಇರುತ್ತದೆ. ಪಕ್ಕೆಯ ಹೊಲಿಗೆಯಲ್ಲಿ ಸಿಕ್ಕಿಸಿದ ಆ ಪುಟ್ಟ ಲೇಬಲ್ಲನ್ನು ಚುಚ್ಚುತ್ತದೆಂದು ಕತ್ತರಿಸಿ ಎಸೆಯದಿದ್ದರೆ ಸಾಕು. ನೀರಿನ ತೊಟ್ಟಿಯ ಚಿತ್ರಕ್ಕೆ ಕಾಟು ಹೊಡೆದಿದ್ದರೆ ನೀರಿನಲ್ಲಿ ಒಗೆಯಬಾರದು. ವೃತ್ತದೊಳಗೆ P ಇದ್ದರೆ ಪರ್ಕ್ ಎಂಬ ದ್ರಾವಕದಲ್ಲಿ ಡ್ರೈಕ್ಲೀನ್ ಮಾಡಬಹುದು. F ಇದ್ದರೆ ಪರ್ಕ್ ಬೇಡ, ಪೆಟ್ರೋಲಿಯಂ ಜಾತಿಯ ಮೆದು ದ್ರಾವಕವೇ ಆಗಬೇಕು. ವೃತ್ತಕ್ಕೇ ಕಾಟಿದ್ದರೆ ಡ್ರೈಕ್ಲೀನಿಂಗೇ ಬೇಡ; ಅಂಥ ಬಟ್ಟೆಯನ್ನು ಕೊಟ್ಟದ್ದು ನೀವು, ತಗೊಂಡದ್ದು ಅವರು, ಅಲ್ಲಿ ನಿಮ್ಮ ವಾದವೂ ಅರ್ಧ ಕುಂಟುತ್ತದೆ.

ನಮ್ಮ ಶೇರ್ವಾನಿಯಲ್ಲಿ ತೊಟ್ಟಿಗೆ ಕಾಟು, ವೃತ್ತದಲ್ಲಿ P. ಆದರೆ ತೋಳು ಮೊದಲು 25 ಇಂಚು, ಈಗ ಒಂದೂಕಾಲು ಇಂಚು ಕಡಿಮೆ. ಕೊಂಡ ಅಂಗಡಿಯಲ್ಲಿ ಅದೇ ಸೈಜಿನ ಇನ್ನೊಂದರ ಪಕ್ಕ ಟೇಪ್ ಇಟ್ಟು ಫೋಟೋ ತೆಗೆಸಿದ್ದಕ್ಕೆ ಇದು ಗೊತ್ತಾಯ್ತು. ಮೆರೂನ್ ಬಣ್ಣ ಕೆನೆಬಣ್ಣದ ಪೈಪಿಂಗಿಗೆ ಇಳಿದಿದೆ, ಒಳಗಿನ ಲೈನಿಂಗ್ ಮುದುಡಿ ಅಂಚು ಮೇಲಕ್ಕೆದ್ದಿದೆ, ಎದೆಯ ಮೇಲೆ ಗುಳ್ಳೆಗಳು. ಬರೀ ಗುಳ್ಳೆಯಷ್ಟೇ ಇದ್ದರೆ ಎಚ್ಚರ: ಒಳಗೆ ಅಂಟಿಸಿದ ಕ್ಯಾನ್ವಾಸಿನ ಗೋಂದು ಕಳಪೆಯಿದ್ದರೆ ಸರಿಯಾದ ಡ್ರೈಕ್ಲೀನಿಂಗಿನಲ್ಲೂ ಏಳುತ್ತದೆ, ಆಗ ಕೇಳಬೇಕಾದ್ದು ಹೊಲಿದವರನ್ನು. ಗುಳ್ಳೆಯ ಜೊತೆ ತೋಳೂ ಕುಗ್ಗಿ ಬಣ್ಣವೂ ಹರಿದಿದ್ದರೆ ನೀರಿನ ಕಡೆಗೇ ಅನುಮಾನ ಹೋಗುತ್ತದೆ.

ಇಷ್ಟಾದರೂ "ಇದು ನಮ್ಮಲ್ಲಿ ಕೊಟ್ಟದ್ದೇ ಅಲ್ಲ" ಅನ್ನುವ ದಾರಿ ತೆರೆದೇ ಇರುತ್ತದೆ. ಅದನ್ನು ಮುಚ್ಚುವುದು ಅಂಗಡಿಯವರೇ ಕಾಜಿಗೆ ಕಟ್ಟಿದ ಟ್ಯಾಗ್. ಮನೆಗೆ ಬಂದ ಕೂಡಲೇ ಎಲ್ಲರೂ ಅದನ್ನು ಹಲ್ಲಿನಿಂದ ಕಿತ್ತು ಬಿಸಾಕುತ್ತಾರೆ! ಅದರ ಮೇಲಿನ ನಂಬರ್ ರಸೀತಿಯ ನಂಬರಿಗೆ ಸೇರಿದರೆ ಬಟ್ಟೆಗೂ ಅಂಗಡಿಗೂ ಗಂಟು ಬಿತ್ತು. ನಮ್ಮ ಟ್ಯಾಗಿನಲ್ಲಿ ನಂಬರಿನ ಪಕ್ಕ ಪೆನ್ನಿನಲ್ಲಿ "ವಾಶ್" ಅಂತ ಗೀಚಿದ್ದರು, ರಸೀತಿಯಲ್ಲಿ "ಡಿ.ಸಿ. 700" ಅಂತ, ಅಂದರೆ ಡ್ರೈಕ್ಲೀನಿಂಗಿಗೆ 700 ರೂಪಾಯಿ ಅಂತ ಇತ್ತು. ದುಡ್ಡು ಒಂದಕ್ಕೆ, ಕೆಲಸ ಇನ್ನೊಂದು. ರಸೀತಿಯ ಷರಾ ಜಾಗದಲ್ಲಿ "ಕಲೆ", "ಹರಿದಿದೆ" ಅಂತ ಏನೂ ಬರೆದಿಲ್ಲವೆಂದರೆ, ಒಪ್ಪಿಸಿದಾಗ ಬಟ್ಟೆ ನೆಟ್ಟಗಿತ್ತೆಂದು ನೀವು ಹೇಳಲು ಆಸರೆ ಸಿಕ್ಕಿತು.

ಹಾಗಾಗಿ ಹಾನಿ ನೋಡಬೇಕಾದ್ದು ಕೌಂಟರಿನಲ್ಲೇ. ಕವರ್ ಬಿಚ್ಚಿ, ಟ್ಯಾಗ್ ಇದ್ದಂತೆಯೇ ಲೇಬಲ್, ಟ್ಯಾಗ್, ರಸೀತಿ ಮೂರೂ ಒಂದೇ ಫೋಟೋದಲ್ಲಿ ಬರುವಂತೆ ತೆಗೆಯಿರಿ. "ಸರಿಯಾಗಿ ಮುಟ್ಟಿತು" ಅಂತ ಸಹಿ ಕೇಳಿದರೆ ಹಾನಿಯನ್ನು ಬರೆದೇ ಹಾಕಿ. ಮೂಲ ರಸೀತಿ ಬಿಡಬೇಡಿ, ಝೆರಾಕ್ಸ್ ಕೊಡಿ.

ಆಮೇಲೆ ಮಾಲೀಕರು ರಸೀತಿ ತಿರುವಿ, ಇರುವೆ ಸಾಲಿನಂಥ ಅಕ್ಷರ ತೋರಿಸುತ್ತಾರೆ: ಹಾನಿಯಾದರೆ ಕೂಲಿಯ 10 ಪಟ್ಟು ಮಾತ್ರ. ಅಂದರೆ 7,000. ಬಟ್ಟೆ ಒಪ್ಪಿಸುವಾಗ ಅದನ್ನು ಓದಿ ಹೇಳಿದರೇ, ನೀವು ಸಹಿ ಹಾಕಿದಿರೇ ಅಂತ ಕೇಳಿ. ಸಹಿಯಿಲ್ಲದ ಒಂದು ಕಡೆಯ ಅಚ್ಚನ್ನು ಗ್ರಾಹಕ ಆಯೋಗಗಳು ಒಪ್ಪದ ಪ್ರಕರಣಗಳಿವೆ. ಸಹಿ ಹಾಕಿದ್ದರೆ ವಾದ ಕಷ್ಟ.

ಕೇಳುವ ಮೊತ್ತದಲ್ಲಿ ದುರಾಸೆ ಬೇಡ. ಕೊಂಡು 11 ತಿಂಗಳು, ತೊಟ್ಟದ್ದು ಎರಡು ಸಲ. 4,000 ಬಿಟ್ಟು 20,000, ಜೊತೆಗೆ ಕೂಲಿ 700. ಕೊಂಡ ಬಿಲ್ಲಿನ ಪ್ರತಿ ಲಗತ್ತಿಸಿ, 15 ದಿನದ ಗಡುವಿಟ್ಟು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು, ವಕೀಲರು ಕಡ್ಡಾಯವಲ್ಲ, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ.

ಪತ್ರ ಮುಟ್ಟಿದ ಮೇಲೆ ದನಿ ಇಳಿದು, "ಹದಿನೆಂಟು ಕೊಡ್ತೀವ್ರಿ, ಶೇರ್ವಾನಿ ನಮಗ ಬಿಡ್ರಿ" ಅಂದರೆ, ಕೇಸು ಹಿಡಿದು ಅಲೆಯುವುದಕ್ಕಿಂತ ಅದೇ ವಾಸಿ. ಹಣ ಕೈಗೆ ಬಂದು, ಬಟ್ಟೆ ಒಪ್ಪಿಸಿದ್ದಕ್ಕೆ ಬರಹ ಆದಮೇಲೆ ಕೊಟ್ಟುಬಿಡಿ. ಆ ತೋಳು ಯಾರಿಗಾದೀತು ಅನ್ನೋದು ಇನ್ನು ಅವರ ಚಿಂತೆ.